ಡಿವಿಡೆಂಡ್ ಕೈಗೆ ಬರಲಿಲ್ಲ, ಈಗ ಷೇರೂ ಹೋಗುತ್ತದೆಯೇ?

ಕನ್ನಡ ದಿನಪತ್ರಿಕೆಗಳ ಒಳಪುಟದಲ್ಲಿ ಆಗಾಗ ಸಣ್ಣ ಅಕ್ಷರದ ಒಂದು ಪ್ರಕಟಣೆ ಕಾಣುತ್ತದೆ. ‘ಏಳು ವರ್ಷಗಳಿಂದ ಸತತವಾಗಿ ಡಿವಿಡೆಂಡ್ ಪಡೆಯದ ಷೇರುದಾರರ ಷೇರುಗಳನ್ನು ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ವರ್ಗಾಯಿಸಲಾಗುವುದು’ ಎಂಬ ಅರ್ಥದ ಪ್ರಕಟಣೆ ಅದು. 2025ರ ಜುಲೈ 28ರಿಂದ ನವೆಂಬರ್ 6ರವರೆಗೆ ಇದೇ ನಿಧಿಯ ಪ್ರಾಧಿಕಾರ ‘ಸಕ್ಷಮ ನಿವೇಶಕ’ ಎಂಬ ನೂರು ದಿನಗಳ ಅಭಿಯಾನ ನಡೆಸಿತು. ಷೇರುದಾರರನ್ನು ಹುಡುಕಿ ಬಾಕಿ ಡಿವಿಡೆಂಡ್ ಕೊಡಿ, ಅವರ ಕೆವೈಸಿ ಸರಿ ಮಾಡಿಸಿ ಎಂದು ಕಂಪನಿಗಳಿಗೆ ಹೇಳಿತು. ಅದರಿಂದಾಗಿ ಇಂಥ ಪತ್ರ, ಪ್ರಕಟಣೆಗಳು ಇನ್ನೂ ಜಾಸ್ತಿ ಜನರ ಕಣ್ಣಿಗೆ ಬಿದ್ದವು.

ಓದಿದವರಿಗೆ ಗೊಂದಲ ಆಗುವುದು ಸಹಜ. ಡಿವಿಡೆಂಡ್ ತೆಗೆದುಕೊಳ್ಳದಿದ್ದರೆ ಆ ಹಣ ಹೋಗಲಿ, ಅದಕ್ಕೂ ಷೇರಿಗೂ ಏನು ಸಂಬಂಧ? ಆ ನಿಧಿ ಸರ್ಕಾರದ್ದಾದರೆ ನಮ್ಮ ಆಸ್ತಿ ಸರ್ಕಾರದ ಪಾಲಾಯಿತೇ? ಇದಕ್ಕೆ ಉತ್ತರ ಬೇಕೆಂದರೆ ಡಿವಿಡೆಂಡಿನ ಒಂದು ರೂಪಾಯಿ ಕಂಪನಿಯ ಲಾಭದಲ್ಲಿ ಹುಟ್ಟಿ ಎಲ್ಲೆಲ್ಲಿ ಹಾದುಹೋಗುತ್ತದೆ ಎಂದು ಮೊದಲಿನಿಂದ ನೋಡಬೇಕು. 2013ರ ಕಂಪನಿ ಕಾಯ್ದೆಯ 123ರಿಂದ 127ರವರೆಗಿನ ಸೆಕ್ಷನ್‌ಗಳು ಈ ದಾರಿಯನ್ನು ಹೇಳುತ್ತವೆ.

ಯಾವ ಹಣದಿಂದ ಕೊಡಬಹುದು

ಮೂಲ ನಿಯಮ ಒಂದೇ. ಡಿವಿಡೆಂಡ್ ಲಾಭದಿಂದ ಮಾತ್ರ ಬರಬೇಕು, ಬಂಡವಾಳದಿಂದ ಅಲ್ಲ. ಕಂಪನಿಗೆ ಸಾಲ ಕೊಟ್ಟ ಬ್ಯಾಂಕು, ಸರಕು ಕೊಟ್ಟ ವ್ಯಾಪಾರಿ ಎಲ್ಲರೂ ಆ ಬಂಡವಾಳವನ್ನು ನಂಬಿಯೇ ಕೊಟ್ಟಿರುತ್ತಾರೆ. ಅದನ್ನೇ ಷೇರುದಾರರಿಗೆ ಹಂಚಿಬಿಟ್ಟರೆ ಸಾಲ ಕೊಟ್ಟವರ ಕೈಗೆ ಬರಿ ಪೆಟ್ಟಿಗೆ ಉಳಿಯುತ್ತದೆ.

ಹಾಗಾಗಿ ಈ ವರ್ಷದ ಲಾಭದಿಂದ ಕೊಡಬಹುದು, ಆದರೆ ಮೊದಲು ಸವಕಳಿಯನ್ನು, ಅಂದರೆ ಯಂತ್ರ, ಕಟ್ಟಡ ಹಳೆಯದಾಗುತ್ತಾ ಇಳಿಯುವ ಬೆಲೆಯನ್ನು ಕಳೆಯಬೇಕು. ಹಿಂದಿನ ವರ್ಷಗಳಲ್ಲಿ ಹಂಚದೆ ಉಳಿಸಿದ ಲಾಭದಿಂದಲೂ ಕೊಡಬಹುದು. ಹಿಂದಿನ ವರ್ಷಗಳ ನಷ್ಟ, ಆಗ ಕಳೆಯದೆ ಬಿಟ್ಟ ಸವಕಳಿ ಇದ್ದರೆ ಈ ವರ್ಷದ ಲಾಭದಲ್ಲಿ ಅದನ್ನು ಮೊದಲು ತುಂಬಿಕೊಳ್ಳಬೇಕು. ಎರಡು ವರ್ಷದಲ್ಲಿ ಆರು ಕೋಟಿ ನಷ್ಟ ಹೊತ್ತ ಕಂಪನಿ ಈ ವರ್ಷ ನಾಲ್ಕು ಕೋಟಿ ಲಾಭ ಮಾಡಿದೆ ಎನ್ನಿ. ಪತ್ರಿಕೆಯಲ್ಲಿ ‘ಲಾಭಕ್ಕೆ ಮರಳಿದ ಕಂಪನಿ’ ಎಂದು ಬರುತ್ತದೆ. ಆದರೆ ಆ ನಾಲ್ಕು ಕೋಟಿಯಲ್ಲಿ ಡಿವಿಡೆಂಡಿಗೆ ಒಂದು ಪೈಸೆಯೂ ಸಿಗುವುದಿಲ್ಲ. ಇನ್ನೂ ಎರಡು ಕೋಟಿ ನಷ್ಟ ತುಂಬುವುದು ಬಾಕಿ ಇದೆ.

ಪುಸ್ತಕದಲ್ಲಿ ಕಾಣುವ ಲಾಭವೆಲ್ಲ ಹಂಚುವ ಲಾಭವೂ ಅಲ್ಲ. ಪೀಣ್ಯದಲ್ಲಿ ಎರಡು ಕೋಟಿಗೆ ಕೊಂಡ ಜಾಗಕ್ಕೆ ಈಗ ಹನ್ನೆರಡು ಕೋಟಿ ಬೆಲೆ ಇದೆ ಎಂದು ಮರುಮೌಲ್ಯ ಮಾಡಿಸಬಹುದು. ಆದರೆ ಹೆಚ್ಚಾದ ಹತ್ತು ಕೋಟಿ ಕೈಗೆ ಬಂದ ದುಡ್ಡಲ್ಲ. ಜಾಗ ಮಾರಿಲ್ಲ ಅಲ್ವಾ? ಇಂಥ ಕಾಗದದ ಲಾಭವನ್ನು ಡಿವಿಡೆಂಡಿನ ಲೆಕ್ಕದಿಂದ ಹೊರಗಿಡಬೇಕು ಎಂದು 2017ರ ತಿದ್ದುಪಡಿ ಕಾಯ್ದೆಯಲ್ಲೇ ಬರೆಯಿತು.

ನಷ್ಟದ ವರ್ಷದಲ್ಲೂ ಡಿವಿಡೆಂಡ್ ಹೇಗೆ?

ಕಂಪನಿ ನಷ್ಟದಲ್ಲಿದೆ, ಆದರೂ ಡಿವಿಡೆಂಡ್ ಕೊಟ್ಟಿದೆ ಎಂಬ ಸುದ್ದಿ ಓದಿ ‘ಇದು ಹೇಗೆ ಸಾಧ್ಯ’ ಎನ್ನುವವರಿದ್ದಾರೆ. ಸಾಧ್ಯವಿದೆ. ಒಳ್ಳೆಯ ವರ್ಷಗಳ ಲಾಭವನ್ನು ಮೀಸಲಿಗೆ ಹಾಕಿಟ್ಟಿದ್ದರೆ ಕೆಟ್ಟ ವರ್ಷದಲ್ಲಿ ಅದರಿಂದ ತೆಗೆಯಬಹುದು. ಆದರೆ ಕೈಬಿಚ್ಚಿ ತೆಗೆಯುವಂತಿಲ್ಲ. 2014ರ ಡಿವಿಡೆಂಡ್ ನಿಯಮಗಳು ಇದಕ್ಕೆ ನಾಲ್ಕು ಬೇಲಿ ಹಾಕಿವೆ. ಒಂದು ಲೆಕ್ಕ ಮಾಡಿದರೆ ನಾಲ್ಕೂ ಅರ್ಥವಾಗುತ್ತವೆ.

ಒಂದು ಕಂಪನಿಯ ಷೇರು ಬಂಡವಾಳ ಹತ್ತು ಕೋಟಿ, ಅಂದರೆ ಹತ್ತು ರೂಪಾಯಿ ಮುಖಬೆಲೆಯ ಒಂದು ಕೋಟಿ ಷೇರು. ಮುಕ್ತ ಮೀಸಲು, ಅಂದರೆ ಡಿವಿಡೆಂಡಿಗೆ ಬಳಸಬಹುದಾದ ಮೀಸಲು ನಲವತ್ತು ಕೋಟಿ. ಹಿಂದಿನ ಮೂರು ವರ್ಷ ಅದು ಶೇ 12, 15, 18ರಂತೆ ಡಿವಿಡೆಂಡ್ ಕೊಟ್ಟಿದೆ. ಈ ವರ್ಷ ಒಂದು ಕೋಟಿ ನಷ್ಟ.

ಮೊದಲ ಬೇಲಿ ದರದ್ದು. ಮೂರು ವರ್ಷದ ಸರಾಸರಿಯನ್ನು ದಾಟಬಾರದು. ಸರಾಸರಿ ಶೇ 15, ಅಂದರೆ ಷೇರಿಗೆ ಒಂದೂವರೆ ರೂಪಾಯಿ, ಒಟ್ಟು ಒಂದೂವರೆ ಕೋಟಿ. ಎರಡನೆಯದು ಮೊತ್ತದ್ದು. ಬಂಡವಾಳ ಮತ್ತು ಮುಕ್ತ ಮೀಸಲು ಕೂಡಿಸಿದರೆ ಐವತ್ತು ಕೋಟಿ, ಅದರ ಹತ್ತನೇ ಒಂದು ಭಾಗ ಐದು ಕೋಟಿ. ಅದಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಮೂರನೆಯದು, ತೆಗೆದ ಹಣ ಮೊದಲು ಈ ವರ್ಷದ ನಷ್ಟಕ್ಕೆ ಹೋಗಬೇಕು. ಆದ್ದರಿಂದ ಕಂಪನಿ ಎರಡೂವರೆ ಕೋಟಿ ತೆಗೆಯುತ್ತದೆ, ಒಂದು ಕೋಟಿ ನಷ್ಟಕ್ಕೆ, ಒಂದೂವರೆ ಷೇರುದಾರರಿಗೆ. ನಾಲ್ಕನೆಯದು, ಉಳಿಯುವ ಮೀಸಲು ಬಂಡವಾಳದ ಶೇ 15ಕ್ಕಿಂತ ಕೆಳಗಿಳಿಯಬಾರದು. ಇಲ್ಲಿ ಮೂವತ್ತೇಳೂವರೆ ಕೋಟಿ ಉಳಿದಿದೆ, ತೊಂದರೆ ಇಲ್ಲ.

ಈಗ ನಷ್ಟ ಒಂದು ಕೋಟಿಯ ಬದಲು ನಾಲ್ಕು ಕೋಟಿ ಎಂದು ಬದಲಿಸಿ ನೋಡಿ. ತೆಗೆಯಬಹುದಾದ ಐದು ಕೋಟಿಯಲ್ಲಿ ನಾಲ್ಕು ನಷ್ಟಕ್ಕೆ ಹೋಯಿತು. ಉಳಿದದ್ದು ಒಂದು ಕೋಟಿ. ಸರಾಸರಿ ಪ್ರಕಾರ ಒಂದೂವರೆ ರೂಪಾಯಿಗೆ ಅವಕಾಶವಿದ್ದರೂ ಷೇರಿಗೆ ಒಂದು ರೂಪಾಯಿ ಮಾತ್ರ ಸಿಗುತ್ತದೆ. ಬೇಲಿಗಳಲ್ಲಿ ಯಾವುದು ಮೊದಲು ತಡೆಯುತ್ತದೋ ಅದೇ ಮಿತಿ.

ಇಲ್ಲೊಂದು ಸೂಕ್ಷ್ಮವಿದೆ. ಈ ಬೇಲಿಗಳಿರುವುದು ‘ಮೀಸಲಿಗೆ ವರ್ಗಾಯಿಸಿದ’ ಲಾಭಕ್ಕೆ. ಲಾಭ-ನಷ್ಟ ಖಾತೆಯಲ್ಲೇ ಹಂಚದೆ ಉಳಿದುಕೊಂಡ ಹಳೆಯ ಲಾಭ ಬೇರೆ, ಅದನ್ನು ಕಾಯ್ದೆ ಹಿಂದಿನ ವರ್ಷಗಳ ಲಾಭ ಎಂದೇ ನೋಡುತ್ತದೆ. 1956ರ ಹಳೆಯ ಕಾಯ್ದೆಯ ಕಾಲದಲ್ಲಿ ಶೇ 10ಕ್ಕಿಂತ ಹೆಚ್ಚು ಡಿವಿಡೆಂಡ್ ಕೊಡುವ ಕಂಪನಿ ಲಾಭದ ಒಂದು ಭಾಗವನ್ನು ಮೀಸಲಿಗೆ ಹಾಕಲೇಬೇಕಿತ್ತು. ಈಗ ಅದು ಕಂಪನಿಯ ಇಷ್ಟ. ಹಾಗಾಗಿ ಲಾಭವನ್ನು ಖಾತೆಯಲ್ಲೇ ಬಿಟ್ಟುಕೊಂಡರೆ ಮುಂದೆ ಕಷ್ಟದ ವರ್ಷದಲ್ಲಿ ಕೈ ಸ್ವಲ್ಪ ಸಡಿಲ ಇರುತ್ತದೆ. ಇದು ಕಂಪನಿಗೆ ಬೇಕಾದ ಸ್ವಾತಂತ್ರ್ಯ ಎನ್ನುವವರಿದ್ದಾರೆ. ಬೇಲಿ ಹಾಕಿದ ಉದ್ದೇಶವೇ ಇದರಿಂದ ಸೋರಿಹೋಗುತ್ತದೆ ಎನ್ನುವವರೂ ಇದ್ದಾರೆ. ಎರಡನೆಯವರ ಮಾತಿನಲ್ಲಿ ತೂಕವಿದೆ. ಹಣ ಅದೇ, ಅದನ್ನು ಇಟ್ಟ ಖಾತೆಯ ಹೆಸರು ಬೇರೆ ಎಂಬ ಕಾರಣಕ್ಕೆ ಸಾಲ ಕೊಟ್ಟವರಿಗೆ ಸಿಗುವ ರಕ್ಷಣೆ ಬದಲಾಗುವುದು ಸರಿಯಲ್ಲ.

ಮಧ್ಯಂತರ ಡಿವಿಡೆಂಡ್: ಯಾರ ತೀರ್ಮಾನ?

ವರ್ಷದ ಕೊನೆಯ ಡಿವಿಡೆಂಡನ್ನು ನಿರ್ದೇಶಕರ ಮಂಡಳಿ ಶಿಫಾರಸು ಮಾಡುತ್ತದೆ, ಷೇರುದಾರರು ವಾರ್ಷಿಕ ಸಭೆಯಲ್ಲಿ ಒಪ್ಪುತ್ತಾರೆ. ಕಂಪನಿಗಳು ಸಾಮಾನ್ಯವಾಗಿ ಪಾಲಿಸುವ ಮಾದರಿ ನಿಯಮಾವಳಿಯಂತೆ ಸಭೆ ಆ ಮೊತ್ತವನ್ನು ಕಡಿಮೆ ಮಾಡಬಹುದು, ಮಂಡಳಿ ಹೇಳಿದ್ದಕ್ಕಿಂತ ಹೆಚ್ಚು ಮಾಡುವಂತಿಲ್ಲ. ಮಧ್ಯಂತರ ಡಿವಿಡೆಂಡಿಗೆ ಸಭೆ ಬೇಕಿಲ್ಲ, ಮಂಡಳಿಯೇ ಘೋಷಿಸುತ್ತದೆ.

ನಮ್ಮ ಬೆಂಗಳೂರಿನ ಇನ್ಫೊಸಿಸ್ ಉದಾಹರಣೆ ನೋಡಿ. 2024-25ನೇ ಸಾಲಿಗೆ ಅದು ಷೇರಿಗೆ 21 ರೂಪಾಯಿ ಮಧ್ಯಂತರ, 22 ರೂಪಾಯಿ ಅಂತಿಮ ಡಿವಿಡೆಂಡ್ ಕೊಟ್ಟಿತು. ಮಧ್ಯಂತರದ್ದನ್ನು 2024ರ ಅಕ್ಟೋಬರ್‌ನಲ್ಲಿ ಮಂಡಳಿ ಘೋಷಿಸಿತು, ಅಲ್ಲಿಗೆ ಮುಗಿಯಿತು. ಅಂತಿಮದ್ದನ್ನು ಏಪ್ರಿಲ್‌ನಲ್ಲಿ ಮಂಡಳಿ ಶಿಫಾರಸು ಮಾಡಿತು, 2025ರ ಜೂನ್ 25ರ ವಾರ್ಷಿಕ ಸಭೆ ಒಪ್ಪಿದ ಮೇಲೆಯೇ ಅದು ಘೋಷಣೆಯಾಯಿತು. ಅಂದಹಾಗೆ, ಷೇರಿನ ಮುಖಬೆಲೆ 5 ರೂಪಾಯಿ. ಒಟ್ಟು 43 ರೂಪಾಯಿಯನ್ನು ಶೇಕಡಾವಾರು ಹೇಳಿದರೆ ಶೇ 860 ಆಗುತ್ತದೆ. ಇಂಥ ಸಂಖ್ಯೆ ನೋಡಿ ಬೆರಗಾಗುವ ಮೊದಲು ಅದು ಮುಖಬೆಲೆಯ ಮೇಲಿನ ಲೆಕ್ಕ, ನೀವು ಷೇರು ಕೊಂಡ ಬೆಲೆಯ ಮೇಲಿನದಲ್ಲ ಎಂಬುದನ್ನು ನೆನಪಿಡಬೇಕು.

ಮಧ್ಯಂತರ ಡಿವಿಡೆಂಡ್ ಹಳೆಯ ಮಿಕ್ಕ ಲಾಭದಿಂದ ಬರಬಹುದು, ಅಥವಾ ಈ ವರ್ಷ ಹಿಂದಿನ ತ್ರೈಮಾಸಿಕದವರೆಗೆ ಗಳಿಸಿದ ಲಾಭದಿಂದ. ಆದರೆ ವರ್ಷ ಇನ್ನೂ ಮುಗಿದಿಲ್ಲ. ಮೊದಲಾರ್ಧದ ಲಾಭ ನೋಡಿ ಹಂಚಿ, ಉತ್ತರಾರ್ಧದಲ್ಲಿ ನಷ್ಟವಾದರೆ ಕೊಟ್ಟ ಹಣ ವಾಪಸ್ ಕೇಳುವ ಹಾಗಿಲ್ಲ. ಆ ಅಪಾಯ ಮಂಡಳಿಯ ತಲೆಯ ಮೇಲಿದೆ. ಅದಕ್ಕೇ ಕಾಯ್ದೆ ಒಂದು ಕಡಿವಾಣ ಹಾಕಿದೆ. ಘೋಷಿಸುವ ಹಿಂದಿನ ತ್ರೈಮಾಸಿಕದ ಕೊನೆಗೆ ಕಂಪನಿ ಆ ವರ್ಷದ ಲೆಕ್ಕದಲ್ಲಿ ನಷ್ಟದಲ್ಲಿದ್ದರೆ, ಮಧ್ಯಂತರದ ದರ ಹಿಂದಿನ ಮೂರು ವರ್ಷದ ಸರಾಸರಿಯನ್ನು ಮೀರಬಾರದು.

ಒಂದು ಕಾಲದಲ್ಲಿ ಮಂಡಳಿ ಘೋಷಿಸಿದ ಮಧ್ಯಂತರ ಡಿವಿಡೆಂಡನ್ನು ಮಂಡಳಿಯೇ ಹಿಂತೆಗೆಯಬಹುದು ಎಂಬ ತಿಳಿವಳಿಕೆ ಇತ್ತು. ಈಗ ‘ಡಿವಿಡೆಂಡ್’ ಎಂಬ ಪದದ ಅರ್ಥದಲ್ಲೇ ಮಧ್ಯಂತರವೂ ಸೇರಿದೆ. ಘೋಷಿಸಿದ ಕ್ಷಣದಿಂದ ಎರಡೂ ಕಂಪನಿ ಷೇರುದಾರರಿಗೆ ತೀರಿಸಬೇಕಾದ ಸಾಲ. ಮುಂದಿನ ಎಲ್ಲ ನಿಯಮಗಳ ಬೇರು ಇಲ್ಲಿದೆ.

ಘೋಷಣೆಯಾದ ಮೇಲೆ ಓಡುವ ಗಡಿಯಾರ

ಘೋಷಿಸಿ ಐದು ದಿನದೊಳಗೆ ಪೂರ್ತಿ ಮೊತ್ತವನ್ನು ಷೆಡ್ಯೂಲ್ಡ್ ಬ್ಯಾಂಕಿನ ಪ್ರತ್ಯೇಕ ಖಾತೆಗೆ ಹಾಕಬೇಕು. ಮೂವತ್ತು ದಿನದೊಳಗೆ ಷೇರುದಾರರಿಗೆ ತಲುಪಿಸಬೇಕು. ಕಂಪನಿಯ ತಪ್ಪಿನಿಂದ ತಡವಾದರೆ ಷೇರುದಾರರಿಗೆ ವರ್ಷಕ್ಕೆ ಶೇ 18ರ ಬಡ್ಡಿ ಸಲ್ಲಬೇಕು, ಗೊತ್ತಿದ್ದೂ ಹೀಗೆ ಮಾಡಿದ ನಿರ್ದೇಶಕರಿಗೆ ಎರಡು ವರ್ಷದವರೆಗೆ ಜೈಲೂ ಇದೆ. ಷೇರುದಾರರದೇ ವಿಳಾಸ, ಬ್ಯಾಂಕ್ ವಿವರ ತಪ್ಪಿದ್ದರೆ ಅದು ಕಂಪನಿಯ ತಪ್ಪಲ್ಲ.

ಮೂವತ್ತು ದಿನವಾದರೂ ತಲುಪದ ಹಣವನ್ನು ಮುಂದಿನ ಏಳು ದಿನದಲ್ಲಿ ‘ಪಾವತಿಯಾಗದ ಡಿವಿಡೆಂಡ್ ಖಾತೆ’ಗೆ ವರ್ಗಾಯಿಸಬೇಕು. ಆಮೇಲೆ ತೊಂಬತ್ತು ದಿನದೊಳಗೆ ಯಾರಿಗೆ ಎಷ್ಟು ಬಾಕಿ ಎಂಬ ಪಟ್ಟಿಯನ್ನು ಹೆಸರು, ಕೊನೆಯ ವಿಳಾಸದ ಜೊತೆ ವೆಬ್‌ಸೈಟಿನಲ್ಲಿ ಹಾಕಬೇಕು. ಆ ಖಾತೆಯಲ್ಲಿ ಹಣ ಏಳು ವರ್ಷ ಇರುತ್ತದೆ. ಅಷ್ಟರೊಳಗೆ ಷೇರುದಾರರು ಕಂಪನಿಗೆ ಬರೆದು ಕೇಳಿದರೆ ಸಾಕು. ಏಳು ವರ್ಷ ಕಳೆದರೆ ಹಣ ಐಇಪಿಎಫ್ ಎಂದು ಕರೆಯುವ ಆ ನಿಧಿಗೆ ಹೋಗುತ್ತದೆ.

ಮೇಲಿನ ಜೂನ್ 25ರ ದಿನಾಂಕವನ್ನೇ ಹಿಡಿದರೆ, ಮೂವತ್ತು ದಿನಕ್ಕೆ ಜುಲೈ 25, ಇನ್ನೇಳು ದಿನಕ್ಕೆ 2025ರ ಆಗಸ್ಟ್ 1. ಅಲ್ಲಿಂದ ಏಳು ವರ್ಷ ಎಂದರೆ 2032ರ ಆಗಸ್ಟ್. ಏಳು ವರ್ಷದ ಎಣಿಕೆ ಶುರುವಾಗುವುದು ಡಿವಿಡೆಂಡ್ ಘೋಷಿಸಿದ ದಿನದಿಂದಲ್ಲ, ಹಣ ಆ ಖಾತೆಗೆ ಹೋದ ದಿನದಿಂದ. ಪ್ರತಿ ವರ್ಷದ ಡಿವಿಡೆಂಡಿಗೂ ಅದರದೇ ಗಡಿಯಾರ.

ಹಣದ ಜೊತೆ ಷೇರು ಹೋಗುವುದು ಯಾವಾಗ

ಹಣಕ್ಕೂ ಷೇರಿಗೂ ನಿಯಮ ಬೇರೆ ಬೇರೆ. ಜನ ಹೆಚ್ಚು ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ. ಒಂದು ವರ್ಷದ ಡಿವಿಡೆಂಡ್ ಏಳು ವರ್ಷ ಬಾಕಿ ಉಳಿದರೆ ಆ ವರ್ಷದ ಹಣ ಮಾತ್ರ ನಿಧಿಗೆ ಹೋಗುತ್ತದೆ. ಷೇರು ಹೋಗಬೇಕಾದರೆ ಏಳು ವರ್ಷಗಳ ಡಿವಿಡೆಂಡ್ ಸತತವಾಗಿ ಬಾಕಿ ಉಳಿದಿರಬೇಕು.

ದಾವಣಗೆರೆಯಲ್ಲಿ ಹಿರಿಯರೊಬ್ಬರ ಬಳಿ ಒಂದು ಕಂಪನಿಯ ನೂರು ಷೇರು ಕಾಗದದ ರೂಪದಲ್ಲಿವೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಷೇರಿಗೆ ಎರಡು ರೂಪಾಯಿಯಂತೆ ಇನ್ನೂರು ರೂಪಾಯಿಯ ವಾರಂಟ್, ಅಂದರೆ ಚೆಕ್ಕಿನಂಥ ಕಾಗದ ಬರುತ್ತಿತ್ತು. ಮೊತ್ತ ಸಣ್ಣದು, ವಾರಂಟನ್ನು ಬ್ಯಾಂಕಿಗೆ ಹಾಕದೆ ಬೀರುವಿನಲ್ಲಿ ಇಟ್ಟರು. ಹಾಗೇ ಆರು ವರ್ಷ ಕಳೆಯಿತು. ಏಳನೇ ವರ್ಷದ ಇನ್ನೂರು ರೂಪಾಯಿಯನ್ನು ಅವರು ಪಡೆದುಕೊಂಡರೆ ಸರಪಳಿ ತುಂಡಾಯಿತು. ಹಿಂದಿನ ವರ್ಷಗಳ ಹಣ ಒಂದೊಂದಾಗಿ ನಿಧಿಗೆ ಹೋಗಬಹುದು, ಷೇರು ಮಾತ್ರ ಅವರ ಹೆಸರಿನಲ್ಲೇ ಉಳಿಯುತ್ತದೆ. ಏಳನೆಯದನ್ನೂ ಬಿಟ್ಟರೆ ಸಾವಿರದ ನಾನೂರು ರೂಪಾಯಿಯ ಬಾಕಿಗೆ ನೂರು ಷೇರೂ ಹೋಗುತ್ತವೆ. ಅವುಗಳ ಬೆಲೆ ಅಷ್ಟರಲ್ಲಿ ಲಕ್ಷ ದಾಟಿರಬಹುದು.

ಷೇರು ವರ್ಗಾಯಿಸುವ ಮೂರು ತಿಂಗಳು ಮೊದಲು ಕಂಪನಿ ಕೊನೆಯ ವಿಳಾಸಕ್ಕೆ ತಿಳಿಸಬೇಕು, ಇಂಗ್ಲಿಷ್ ಮತ್ತು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಪತ್ರಿಕೆಯ ಒಳಪುಟದಲ್ಲಿ ನಾವು ಕಾಣುವುದು ಇದೇ ಪ್ರಕಟಣೆ. ಹೆಸರುಗಳ ಪಟ್ಟಿ ಕಂಪನಿಯ ವೆಬ್‌ಸೈಟಿನಲ್ಲಿರುತ್ತದೆ, ಅದರಲ್ಲಿ ಹೆಸರಿದ್ದವರಿಗೆ ಇನ್ನೂ ಮೂರು ತಿಂಗಳಿದೆ. ಆ ಅವಧಿಯಲ್ಲಿ ಕಂಪನಿಗೆ ಬರೆದು ಒಂದೇ ಒಂದು ಡಿವಿಡೆಂಡ್ ಪಡೆದರೂ ಷೇರು ಉಳಿಯುತ್ತದೆ.

ಹಣ ದಾರಿಯಲ್ಲೇ ನಿಲ್ಲುವುದೇಕೆ

ವಿಳಾಸ ಬದಲಾದದ್ದು, ಷೇರುದಾರರು ತೀರಿಕೊಂಡು ಮಕ್ಕಳಿಗೆ ಗೊತ್ತೇ ಇಲ್ಲದ್ದು ಹಳೆಯ ಕಾರಣಗಳು. ನಮ್ಮ ಕಡೆ ಇನ್ನೊಂದು ಕಾರಣ ಸೇರಿಕೊಂಡಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಜೊತೆ, ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ, ಸಿಂಡಿಕೇಟ್ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಕೆನರಾ ಮತ್ತು ಯೂನಿಯನ್ ಬ್ಯಾಂಕ್ ಜೊತೆ ಸೇರಿದವು. ಐಎಫ್‌ಎಸ್‌ಸಿ ಸಂಕೇತ ಬದಲಾಯಿತು. ಬ್ಯಾಂಕಿನ ಕೌಂಟರಿನಲ್ಲಿ ಪಾಸ್‌ಬುಕ್ ಬದಲಾಯಿಸಿಕೊಂಡವರು ಷೇರಿನ ದಾಖಲೆಯಲ್ಲೂ ಬದಲಾಯಿಸಬೇಕು ಎಂದು ಯೋಚಿಸಿರುವುದಿಲ್ಲ. ಹಳೆಯ ವಿವರಕ್ಕೆ ಕಳಿಸಿದ ಹಣ ತಿರುಗಿ ಬಂದರೆ ಅದು ನೇರ ಪಾವತಿಯಾಗದ ಖಾತೆಗೆ ಹೋಗುತ್ತದೆ. ಪತ್ತೆಹಚ್ಚುವುದು ಸುಲಭ. ಕಂಪನಿ ಡಿವಿಡೆಂಡ್ ಕೊಟ್ಟ ಸುದ್ದಿ ಬಂದು ತಿಂಗಳಾದರೂ ನಿಮ್ಮ ಪಾಸ್‌ಬುಕ್ಕಿನಲ್ಲಿ ನಮೂದು ಇಲ್ಲದಿದ್ದರೆ ಎಲ್ಲೋ ವಿವರ ತಪ್ಪಿದೆ ಎಂದೇ ಅರ್ಥ.

ಕಾಗದದ ಷೇರು ಇಟ್ಟುಕೊಂಡವರಿಗೆ 2024ರ ಏಪ್ರಿಲ್ 1ರಿಂದ ಇನ್ನೊಂದು ಬಿಗಿ ಬಂದಿದೆ. ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಪಾನ್, ಸಂಪರ್ಕ ವಿವರ, ಬ್ಯಾಂಕ್ ಖಾತೆ, ಮಾದರಿ ಸಹಿ ಕೊಡದ ಫೋಲಿಯೊಗಳಿಗೆ, ಅಂದರೆ ಕಾಗದದ ಷೇರಿನ ಖಾತೆಗಳಿಗೆ ಡಿವಿಡೆಂಡ್ ಪಾವತಿ ಇಲ್ಲ. ಕೊಟ್ಟ ಮೇಲೆ ಎಲೆಕ್ಟ್ರಾನಿಕ್ ರೂಪದಲ್ಲಿ ಮಾತ್ರ. ಸೆಬಿಯ ವಾದ ಸ್ಪಷ್ಟ. ಅಂಚೆಯಲ್ಲಿ ಹೋಗುವ ವಾರಂಟ್ ಕಳೆದುಹೋಗುತ್ತದೆ, ಕದಿಯುತ್ತಾರೆ, ವಾರಸುದಾರರಿಲ್ಲದ ಫೋಲಿಯೊಗಳನ್ನು ಹುಡುಕಿ ನಕಲಿ ಸಹಿ ಹಾಕುವವರಿದ್ದಾರೆ. ಷೇರುದಾರರ ಕಡೆಯ ಮಾತೂ ನಿಜವೇ. ಎಂಬತ್ತು ದಾಟಿದವರಿಗೆ ಮೂವತ್ತು ವರ್ಷದ ಹಿಂದಿನ ಸಹಿ ಇವತ್ತಿನದಕ್ಕೆ ಹೊಂದುವುದಿಲ್ಲ, ಮತ್ತೆ ಬ್ಯಾಂಕಿನಿಂದ ಸಹಿ ದೃಢೀಕರಣ ತರಬೇಕು. ಈ ಜಗಳದ ನಡುವೆ ಒಂದು ವಿಷಯ ಜನರಿಗೆ ತಿಳಿಯುವುದೇ ಇಲ್ಲ. ಕೆವೈಸಿ ಕೊರತೆಯಿಂದ ತಡೆಹಿಡಿದ ಡಿವಿಡೆಂಡಿಗೂ ಏಳು ವರ್ಷದ ಅದೇ ಗಡಿಯಾರ ಓಡುತ್ತಿರುತ್ತದೆ. 2024ರಿಂದ ಕೆವೈಸಿ ಮಾಡಿಸದೆ ಕೂತ ಫೋಲಿಯೊಗಳ ಷೇರುಗಳು 2031ರ ಹೊತ್ತಿಗೆ ನಿಧಿಯ ಬಾಗಿಲಿಗೆ ಬರುತ್ತವೆ. ಕೆವೈಸಿ ಮಾಡಿಸಲು ಬೇಕಾದ ಅರ್ಜಿಯ ಹೆಸರು ISR-1. ಕಂಪನಿಯ ರಿಜಿಸ್ಟ್ರಾರ್‌ಗೆ, ಅಂದರೆ ಷೇರುದಾರರ ದಾಖಲೆ ನೋಡಿಕೊಳ್ಳುವ ಸಂಸ್ಥೆಗೆ ಕಳಿಸಿದರಾಯಿತು.

ನಿಧಿಗೆ ಹೋದದ್ದು ಹೋದಂತೆಯೇ?

ಅಲ್ಲ. ಆದರೆ ಈ ಭಯ ಸುಮ್ನೆ ಹುಟ್ಟಿದ್ದೂ ಅಲ್ಲ. ಹಳೆಯ 1956ರ ಕಾಯ್ದೆಯಲ್ಲಿ ನಿಧಿಗೆ ಹೋದ ಹಣವನ್ನು ಮತ್ತೆ ಕೇಳುವ ಹಕ್ಕೇ ಇರಲಿಲ್ಲ. ಹೊಸ ಕಾಯ್ದೆ ಅದನ್ನು ಬದಲಿಸಿತು, 2016ರ ಸೆಪ್ಟೆಂಬರ್‌ನಲ್ಲಿ ವಾಪಸ್ ಪಡೆಯುವ ನಿಯಮಗಳು ಜಾರಿಗೆ ಬಂದವು. ಹಿಂದೆ ಹೋದ ಹಣಕ್ಕೂ ಬಾಗಿಲು ತೆರೆಯಿತು. ಕೇಳಲು ಕೊನೆಯ ದಿನಾಂಕವಿಲ್ಲ.

ಷೇರು ನಿಧಿಯಲ್ಲಿರುವಾಗ ಅದರ ಮತದ ಹಕ್ಕು ಸ್ಥಗಿತವಾಗಿರುತ್ತದೆ. ಹೊಸ ಡಿವಿಡೆಂಡ್, ಬೋನಸ್ ಷೇರು ಬಂದರೆ ಅವೂ ನಿಧಿಯಲ್ಲೇ ಸೇರುತ್ತವೆ, ಮುಂದೆ ಮಾಲೀಕರು ಕೇಳಿದಾಗ ಅವರಿಗೆ ಸಲ್ಲುತ್ತವೆ. ಆದರೆ ಷೇರನ್ನು ಒಳ್ಳೆಯ ಬೆಲೆ ಇದ್ದಾಗ ಮಾರುವ ಅವಕಾಶ ಅಷ್ಟೂ ಕಾಲ ಕೈತಪ್ಪಿರುತ್ತದೆ. ಅದನ್ನು ಯಾರೂ ತುಂಬಿಕೊಡುವುದಿಲ್ಲ.

ವಾಪಸ್ ಪಡೆಯುವ ಕ್ರಮ ಹೀಗಿದೆ. ಮೊದಲು ಕಂಪನಿಗೋ ಅದರ ರಿಜಿಸ್ಟ್ರಾರ್‌ಗೋ ದಾಖಲೆ ಕಳಿಸಿ, ಇಷ್ಟು ಷೇರು ಇಂಥವರಿಗೆ ಸಲ್ಲಬೇಕು ಎಂಬ ಪತ್ರ ಪಡೆಯಬೇಕು. ಆಮೇಲೆ ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ IEPF-5 ಅರ್ಜಿ ತುಂಬಬೇಕು. ಅದರ ಪ್ರತಿ, ನಷ್ಟಭರ್ತಿ ಬಾಂಡ್, ಮುಂಗಡ ರಸೀತಿ, ಡಿಮ್ಯಾಟ್ ಖಾತೆಯ ವಿವರ, ರದ್ದು ಮಾಡಿದ ಚೆಕ್ ಎಲ್ಲ ಸೇರಿಸಿ ಕಂಪನಿಯ ನೋಡಲ್ ಅಧಿಕಾರಿಗೆ ಅಂಚೆಯಲ್ಲಿ ಕಳಿಸಬೇಕು. ಕಂಪನಿ ಪರಿಶೀಲಿಸಿ ಪ್ರಾಧಿಕಾರಕ್ಕೆ ವರದಿ ಕೊಡುತ್ತದೆ, ಪ್ರಾಧಿಕಾರ ಒಪ್ಪಿದರೆ ಷೇರು ಡಿಮ್ಯಾಟ್ ಖಾತೆಗೆ, ಹಣ ಬ್ಯಾಂಕಿಗೆ ಬರುತ್ತದೆ. ಅರ್ಜಿಗೆ ಸರ್ಕಾರಿ ಶುಲ್ಕವಿಲ್ಲ. ಷೇರಿನ ಬೆಲೆಯಲ್ಲಿ ಇಷ್ಟು ಪಾಲು ಕೊಡಿ ಎಂದು ಕೇಳುವ ಮಧ್ಯವರ್ತಿಗಳು ಮಾರುವುದು ಇದೇ ಉಚಿತ ಅರ್ಜಿಯನ್ನು.

ಹೆಚ್ಚಿನ ಅರ್ಜಿಗಳು ಮುಗ್ಗರಿಸುವುದು ಹೆಸರಿನ ಹೊಂದಾಣಿಕೆಯಲ್ಲಿ. ಷೇರು ಪತ್ರದಲ್ಲಿ ‘ಕೆ. ಬಸಪ್ಪ’, ಆಧಾರ್‌ನಲ್ಲಿ ‘ಬಸಪ್ಪ ಕಲ್ಲಪ್ಪ’ ಎಂದಿದ್ದರೆ ಎರಡೂ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸಬೇಕು. ಷೇರುದಾರರು ತೀರಿಕೊಂಡಿದ್ದರೆ ವಾರಸುದಾರರು ಮೊದಲು ಕಂಪನಿಯಲ್ಲಿ ತಮ್ಮ ಹಕ್ಕನ್ನು ಸಾಬೀತು ಮಾಡಿಕೊಂಡು, ಆಮೇಲೆ ನಿಧಿಯ ಅರ್ಜಿ ಹಾಕಬೇಕು. ಕ್ರಮ ತಿರುವುಮುರುವಾದರೆ ಅರ್ಜಿ ತಿರಸ್ಕೃತವಾಗಿ ಬರುತ್ತದೆ.

ವಾದ-ಪ್ರತಿವಾದ

ನಿಯಮವನ್ನು ಒಪ್ಪುವವರು ಹೇಳುವುದಿಷ್ಟು: ಮಾಲೀಕರೇ ಕೇಳದ ಷೇರು ಕಂಪನಿಯ ಪುಸ್ತಕದಲ್ಲಿ ದಶಕಗಟ್ಟಲೆ ಬಿದ್ದಿದ್ದರೆ ವಂಚಕರಿಗೆ ಅದು ಸುಲಭದ ತುತ್ತು. ನಿಧಿಯಲ್ಲಿದ್ದರೆ ಎರಡು ಕಡೆ ಪರಿಶೀಲನೆಯಾಗದೆ ಯಾರೂ ಮುಟ್ಟುವಂತಿಲ್ಲ. ವಿರೋಧಿಸುವವರ ಪ್ರಶ್ನೆ: ಡಿವಿಡೆಂಡ್ ಪಡೆಯದಿರುವುದು ಷೇರನ್ನು ಕೈಬಿಟ್ಟದ್ದಕ್ಕೆ ಸಾಕ್ಷಿ ಹೇಗಾಗುತ್ತದೆ?

ಎರಡನ್ನೂ ತೂಗಿದರೆ ರಕ್ಷಣೆಯ ಉದ್ದೇಶ ಸರಿಯೇ ಇದೆ ಎನ್ನಬೇಕು. ನ್ಯಾಯ ತಪ್ಪಿರುವುದು ಎರಡು ಬಾಗಿಲುಗಳ ಅಗಲದಲ್ಲಿ. ಒಳಗೆ ಹೋಗಲು ಒಂದು ಪತ್ರ, ಒಂದು ಪತ್ರಿಕಾ ಪ್ರಕಟಣೆ ಸಾಕು. ಹೊರಗೆ ಬರಲು ಬಾಂಡು, ಪ್ರಮಾಣಪತ್ರ, ಡಿಮ್ಯಾಟ್ ಖಾತೆ, ಎರಡು ಹಂತದ ಪರಿಶೀಲನೆ ಬೇಕು. ನೂರು ಷೇರಿನವರಿಗೂ ಲಕ್ಷ ಷೇರಿನವರಿಗೂ ಹೆಚ್ಚುಕಡಿಮೆ ಅದೇ ಹೊರೆ. ಡಿಮ್ಯಾಟ್ ಖಾತೆಯಲ್ಲಿ ಪಾನ್, ಫೋನು, ಬ್ಯಾಂಕ್ ಎಲ್ಲ ಚಾಲ್ತಿಯಲ್ಲಿರುವ ಷೇರುದಾರರನ್ನು ಹಳೆಯ ವಿಳಾಸಕ್ಕೆ ಪತ್ರ ಹಾಕಿ ಹುಡುಕುವ ಬದಲು ಆ ಫೋನಿಗೇ ಒಂದು ಸಂದೇಶ ಕಳಿಸುವುದು ಕಡ್ಡಾಯವಾದರೆ ಅಂಥವರ ಷೇರು ನಿಧಿಯವರೆಗೆ ಹೋಗುವ ಪ್ರಸಂಗವೇ ಬರುವುದಿಲ್ಲ.